ಗಿರಾಕಿಯ ಸ್ಟೋರಿನಲ್ಲಿ ನಮ್ಮ ಮಾಲು: ಲೆಕ್ಕ ಇಡುವುದು ಹೀಗೆ

ಪೀಣ್ಯದ ಒಬ್ಬ ಬೋಲ್ಟ್ ತಯಾರಕರು ಬೊಮ್ಮಸಂದ್ರದ ಯಂತ್ರ ಕಾರ್ಖಾನೆಯ ಸ್ಟೋರಿನಲ್ಲಿ ಮಾಲು ಇಡುತ್ತಾರೆ ಎಂದುಕೊಳ್ಳಿ. ಪೆಟ್ಟಿಗೆಗೆ 500 ಬೋಲ್ಟ್, ತಯಾರಿಕೆ ಖರ್ಚು ₹2,000, ಮಾರಾಟ ಬೆಲೆ ₹3,000. ಬಳಸಿದಷ್ಟಕ್ಕೆ ಮಾತ್ರ ಹಣ. ಕನ್ಸೈನ್‌ಮೆಂಟ್ ಎಂದರೆ ಇದೇ. ರ‍್ಯಾಕ್ ಖಾಲಿಯಾಗದಂತೆ ಮಾರುವವರೇ ನೋಡಿಕೊಳ್ಳುವುದು ಬೇರೆ ವಿಷಯ. ಅಲ್ಲಿ ಮಾಲು ಇಳಿದ ಕೂಡಲೇ ಗಿರಾಕಿಯದಾಗುವ ಒಪ್ಪಂದವೂ ಇರಬಹುದು. ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ.

ಮೊದಲು ಒಪ್ಪಂದ. ಪೆಟ್ಟಿಗೆ ರ‍್ಯಾಕ್ ಬಿಟ್ಟು ಹೊರಟ ಕ್ಷಣ ಒಡೆತನ ಬದಲಾಗುತ್ತದೆ ಎಂದು ಸ್ಪಷ್ಟವಾಗಿ ಬರೆಸಿ. ನಷ್ಟದ ಹೊಣೆಯನ್ನು ಪ್ರತ್ಯೇಕ ವಾಕ್ಯದಲ್ಲಿ ಬರೆಯಿರಿ. ಏನೂ ಬರೆಯದಿದ್ದರೆ 1930ರ ಸರಕು ಮಾರಾಟ ಕಾಯ್ದೆಯಂತೆ ಹೊಣೆ ಒಡೆತನದ ಜೊತೆಗೇ ಇರುತ್ತದೆ. ಅಂದರೆ ಗಿರಾಕಿಯ ಸ್ಟೋರಿಗೆ ಬೆಂಕಿ ಬಿದ್ದರೆ ಸಾಮಾನ್ಯವಾಗಿ ಸುಟ್ಟದ್ದು ನಿಮ್ಮ ಮಾಲು. ಅವರು ಸಾಮಾನ್ಯ ಎಚ್ಚರ ವಹಿಸಿದ್ದರೆ ಪರಿಹಾರ ಕೇಳುವುದೂ ಕಷ್ಟ. ಹಾಗಾಗಿ ‘ಎಣಿಕೆಯಲ್ಲಿ ಕಡಿಮೆ ಬಂದದ್ದು, ಸ್ಟೋರಿನಲ್ಲಿ ಹಾಳಾದದ್ದು ಗಿರಾಕಿಯ ಲೆಕ್ಕಕ್ಕೆ’ ಎಂಬ ಸಾಲು ಬೇಕೇಬೇಕು. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಒಪ್ಪಂದದ ನಮೂನೆಗಳನ್ನು ನಂಬಬೇಡಿ. ಅನೇಕವು ಅಂಗಡಿಯ ಮಾರಾಟಕ್ಕೆ ಬರೆದವು, ಬಳಸಿ ಮುಗಿಸುವ ಮಾಲಿಗೆ ಹೊಂದುವುದಿಲ್ಲ. ವಿಮೆ ಪಾಲಿಸಿಯಲ್ಲಿ ಬೊಮ್ಮಸಂದ್ರದ ವಿಳಾಸವನ್ನೂ ಸೇರಿಸಿ.

ಮಾಲು ಕಳಿಸುವುದು ಸುಲಭ: ಮೂರು ಪ್ರತಿಗಳ ಡೆಲಿವರಿ ಚಲನ್, ಮೌಲ್ಯ ₹50,000 ದಾಟಿದರೆ ಇ-ವೇ ಬಿಲ್. ಇನ್‌ವಾಯ್ಸ್ ಬೇಡ. ಆಮೇಲೆ ವಾಪಸ್ ಬಂದರೆ ಕ್ರೆಡಿಟ್ ನೋಟ್ ಕೊಟ್ಟರಾಯಿತು ಎಂದು ಮೊದಲೇ ಬಿಲ್ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಮಾರಾಟವಾಗದ ಮಾಲಿಗೆ ತೆರಿಗೆ ಕಟ್ಟಿದಂತೆ; ಮಾಲು ಇನ್ನೂ ನಿಮ್ಮದೇ ಎಂದು ವಾದಿಸುವ ಬಲವೂ ಹೋಗುತ್ತದೆ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಒಪ್ಪಿಗೆಯಾದರೆ ಮಾರಾಟ, ಇಲ್ಲವಾದರೆ ವಾಪಸ್ ಎಂದು ಕಳಿಸಿದ ಮಾಲಿಗೆ ಮಾರಾಟವಾದಾಗ ಬಿಲ್ ಹಾಕಬೇಕು. ಮಾರಾಟವಾಗದಿದ್ದರೂ ಕಳಿಸಿದ ದಿನದಿಂದ ಆರು ತಿಂಗಳಾದರೆ ಹಾಕಲೇಬೇಕು. ಯಾವುದು ಮೊದಲೋ ಅದು. ಈ ಆರು ತಿಂಗಳನ್ನು ರ‍್ಯಾಕಿನ ಒಟ್ಟು ಮಾಲಿಗಲ್ಲ, ಒಂದೊಂದು ಚಲನ್‌ಗೂ ಪ್ರತ್ಯೇಕವಾಗಿ ಎಣಿಸಬೇಕು.

ಜೂನ್ 3ರಂದು 20 ಪೆಟ್ಟಿಗೆ, ಆಗಸ್ಟ್ 5ರಂದು 12 ಪೆಟ್ಟಿಗೆ ಹೋಗಿವೆ. ನವೆಂಬರ್ 25ರವರೆಗೆ ಗಿರಾಕಿ 17 ತೆಗೆದಿದ್ದಾರೆ, ಪ್ರತಿಯೊಂದಕ್ಕೂ ಆಯಾ ದಿನವೇ ಬಿಲ್ ಆಗಿದೆ. ಉಳಿಯಬೇಕಾದದ್ದು 15. ಎಣಿಸಿದರೆ 14. ಕಡಿಮೆ ಬಂದ ಒಂದಕ್ಕೆ ಒಪ್ಪಂದದಂತೆ ಅದೇ ದಿನ ಬಿಲ್ ಹಾಕಿ. ಈಗ ಲೆಕ್ಕದಂತೆ ಜೂನ್ ಚಲನ್‌ನಲ್ಲಿ ಎರಡು ಪೆಟ್ಟಿಗೆ ಬಾಕಿ. ಡಿಸೆಂಬರ್ 3ಕ್ಕೆ ಮುಂಚೆ ಅವನ್ನು ಚಲನ್ ಮೇಲೆ ವಾಪಸ್ ತನ್ನಿ, ಇಲ್ಲವೇ ₹6,000ಕ್ಕೆ ಶೇ 18ರಂತೆ ₹1,080 ತೆರಿಗೆ ಸೇರಿಸಿ ಬಿಲ್ ಹಾಕಿ.

ಆದರೆ ಈ ಲೆಕ್ಕ ನಿಜವಾಗುವುದು ಹಳೆಯ ಪೆಟ್ಟಿಗೆಯೇ ಮೊದಲು ಹೊರಟಿದ್ದರೆ ಮಾತ್ರ. ಸ್ಟೋರಿನವರು ಆಗಸ್ಟ್ ಪೆಟ್ಟಿಗೆಗಳನ್ನು ಮುಂದಿಟ್ಟು ಮೊದಲು ಅವನ್ನೇ ಖಾಲಿ ಮಾಡಿದ್ದರೆ, ಪುಸ್ತಕದಲ್ಲಿ ಎರಡು ಎಂದಿದ್ದರೂ ರ‍್ಯಾಕಿನಲ್ಲಿ ಕೂತಿರುವ 14 ಪೆಟ್ಟಿಗೆಯೂ ಜೂನ್‌ನವೇ ಆಗಿರುತ್ತವೆ. ಪರಿಶೀಲನೆಗೆ ಬಂದವರು ಚೀಟಿ ಓದಿದರೆ ಸಿಕ್ಕಿಬಿದ್ದಂತೆ. ಅದಕ್ಕೇ ಪ್ರತಿ ಪೆಟ್ಟಿಗೆಗೂ ಚಲನ್ ಸಂಖ್ಯೆ, ತಾರೀಖಿನ ಚೀಟಿ ಅಂಟಿಸಿ. ಹೊಸ ಮಾಲನ್ನು ಹಿಂದಿನಿಂದ ತುಂಬಿ, ಮುಂದಿನಿಂದ ತೆಗೆಯುವ ರ‍್ಯಾಕ್ ಬಳಸಿ. ಪೆಟ್ಟಿಗೆ ಒಡೆದು ಬಿಡಿ ಬೋಲ್ಟ್ ಕೊಡಲು ಬಿಡಬೇಡಿ. ಚಲನ್ ಸಂಖ್ಯೆಯ ಕಾಲಂ ಇಲ್ಲದ ಎಕ್ಸೆಲ್ ಶೀಟ್ ಈ ಕೆಲಸಕ್ಕೆ ಬಾರದು. ಐದನೇ ತಿಂಗಳ ಕೊನೆಗೆ ಬಾಕಿ ಪಟ್ಟಿ ಕೈಯಲ್ಲಿರಬೇಕು.

ನಿಮ್ಮ ಪುಸ್ತಕದಲ್ಲಿ ಗಿರಾಕಿಯ ಹೆಸರಿಗೆ ಒಂದು ಗೋಡೌನ್ ತೆರೆದು, ಕಳಿಸಿದ ಮಾಲನ್ನು ಖರ್ಚಿನ ಬೆಲೆಯಲ್ಲೇ ಅಲ್ಲಿಗೆ ವರ್ಗಾಯಿಸಿ. ನವೆಂಬರ್ 25ಕ್ಕೆ ಮಾರಾಟ 18 ಪೆಟ್ಟಿಗೆ, ₹54,000. ಉಳಿದ 14 ಪೆಟ್ಟಿಗೆ ₹28,000 ಮೌಲ್ಯದ ನಿಮ್ಮದೇ ಸ್ಟಾಕ್. ಗಿರಾಕಿ ಅದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ, ಸಂಖ್ಯೆಯಲ್ಲಿ ಮಾತ್ರ ಬರೆದುಕೊಳ್ಳಬೇಕು.

ಅವರು ಅದನ್ನು ತಮ್ಮ ಬ್ಯಾಂಕಿಗೆ ಕೊಡುವ ಸ್ಟಾಕ್ ಪಟ್ಟಿಗೆ ಸೇರಿಸಿದ್ದಾರೆಯೇ ಎಂದು ತಪ್ಪದೆ ವಿಚಾರಿಸಿ. ಸೇರಿಸಿದ್ದರೆ ಸಾಲ ಕೆಟ್ಟ ದಿನ ಬ್ಯಾಂಕಿನವರು ನಿಮ್ಮ ಬೋಲ್ಟನ್ನೂ ತಮ್ಮ ಭದ್ರತೆ ಎಂದೇ ಬೀಗ ಹಾಕುತ್ತಾರೆ. ರ‍್ಯಾಕಿನ ಮೇಲೆ ‘ಈ ಮಾಲು ಸರಬರಾಜುದಾರರದ್ದು’ ಎಂಬ ಬೋರ್ಡ್, ತಿಂಗಳಿಗೊಮ್ಮೆ ಇಬ್ಬರೂ ಸಹಿ ಮಾಡಿದ ಎಣಿಕೆ ಪತ್ರ: ಆ ದಿನ ತೋರಿಸಲು ಇವೆರಡು ನಿಮ್ಮಲ್ಲಿರಲಿ.