ಒಂದೇ ಕಂಪನಿಯ ಎರಡು ಹುದ್ದೆಗಳಿಗೆ ನಾನು ಅರ್ಜಿ ಹಾಕಿದ ಬಗೆ

ಆನ್‌ಲೈನ್ ಪಾವತಿಯ ಒಂದು ಕಂಪನಿಯಲ್ಲಿ ನಾನು ತಾಂತ್ರಿಕ ಬೆಂಬಲ ವಿಭಾಗದಲ್ಲಿದ್ದೆ. ವ್ಯಾಪಾರಿಗಳು ತಮ್ಮ ಜಾಲತಾಣಕ್ಕೆ ನಮ್ಮ ಎಪಿಐ ಜೋಡಿಸುವಾಗ ಎಲ್ಲಿ ಸಿಕ್ಕಿಕೊಂಡರೂ ಟಿಕೆಟ್ ನಮ್ಮ ಮೇಜಿಗೆ ಬರುತ್ತಿತ್ತು. ಕೆಲಸ ಬದಲಿಸಲು ಹುಡುಕುತ್ತಿದ್ದಾಗ ಬೆಂಗಳೂರಿನ ಇನ್ನೊಂದು ಕಂಪನಿ ಎರಡು ಹುದ್ದೆಗಳನ್ನು ಒಟ್ಟಿಗೆ ಪ್ರಕಟಿಸಿತ್ತು. ಒಂದು ಸಪೋರ್ಟ್ ಎಂಜಿನಿಯರ್, ಇನ್ನೊಂದು ಎಪಿಐ ಬಳಸುವ ಬಗೆಯನ್ನು ವಿವರಿಸುವ ದಾಖಲೆ ಬರೆಯುವ ಟೆಕ್ನಿಕಲ್ ರೈಟರ್. ಎರಡನ್ನೂ ನಾನು ಮಾಡಬಲ್ಲೆ, ಎರಡೂ ನನಗೆ ಇಷ್ಟ. ಆದರೆ ಎರಡಕ್ಕೂ ಅರ್ಜಿ ಹಾಕಿದರೆ ಏನು ಬೇಕೆಂದೇ ಗೊತ್ತಿಲ್ಲದವಳಂತೆ ಕಾಣುವ ಭಯವಿತ್ತು.

ಈ ಭಯಕ್ಕೆ ಕಾರಣವಿದೆ. ಗ್ರೀನ್‌ಹೌಸ್, ಲಿವರ್, ವರ್ಕ್‌ಡೇ ಇಂಥ ನೇಮಕಾತಿ ತಂತ್ರಾಂಶಗಳಲ್ಲಿ ಒಂದೇ ಇಮೇಲ್‌ನಿಂದ ಬಂದ ಅರ್ಜಿಗಳೆಲ್ಲ ಸಾಮಾನ್ಯವಾಗಿ ಒಬ್ಬರ ಹೆಸರಿನಡಿ ಒಟ್ಟಿಗೆ ಸೇರುತ್ತವೆ. ನೇಮಕಾತಿ ಅಧಿಕಾರಿ ಒಂದನ್ನು ತೆರೆದರೆ ಇನ್ನೊಂದು ಪಕ್ಕದಲ್ಲೇ ಕಾಣುತ್ತದೆ, ಎರಡು ರೆಸ್ಯೂಮೆಗಳೂ ಅಲ್ಲೇ ಇರುತ್ತವೆ. ಬೇರೆ ಇಮೇಲ್‌ನಿಂದ ಎರಡನೆಯ ಅರ್ಜಿ ಹಾಕುವವರನ್ನು ಕಂಡಿದ್ದೇನೆ. ಮೊಬೈಲ್ ಸಂಖ್ಯೆಯಿಂದಲೋ ಹೆಸರಿನಿಂದಲೋ ಅದು ಪತ್ತೆಯಾಗುತ್ತದೆ, ಆಗ ಗೊಂದಲದ ಜೊತೆಗೆ ಮುಚ್ಚುಮರೆಯ ಆರೋಪವೂ ಅಂಟಿಕೊಳ್ಳುತ್ತದೆ. ಎರಡೂ ಅರ್ಜಿಗಳನ್ನು ಒಬ್ಬರೇ, ಒಂದರ ಹಿಂದೆ ಒಂದರಂತೆ ಓದುತ್ತಾರೆ ಎಂದುಕೊಂಡೇ ನಾನು ಬರೆಯಲು ಕೂತೆ.

ಮೊದಲು ಮಾಡಿದ ಕೆಲಸ, ಎರಡೂ ಹುದ್ದೆಗಳಿಗೆ ಸಲ್ಲುವ ಒಂದೇ ವಾಕ್ಯವನ್ನು ಹುಡುಕಿದ್ದು. "ಎಪಿಐ ಬಳಸುವ ಡೆವಲಪರ್‌ಗಳು ಎಲ್ಲಿ ಎಡವುತ್ತಾರೆ ಎಂದು ಪತ್ತೆ ಹಚ್ಚಿ ಆ ತೊಡಕನ್ನು ತೆಗೆಯುತ್ತೇನೆ" ಎಂಬುದು ನನ್ನ ವಾಕ್ಯ. ಬೆಂಬಲದಲ್ಲಿ ಒಬ್ಬೊಬ್ಬರಿಗೆ ಅದನ್ನು ಮಾಡುತ್ತೇವೆ, ದಾಖಲೆ ಬರವಣಿಗೆಯಲ್ಲಿ ಎಲ್ಲರಿಗೂ ಒಟ್ಟಿಗೆ ಮಾಡುತ್ತೇವೆ. ಈ ವಾಕ್ಯವನ್ನು ಎರಡೂ ರೆಸ್ಯೂಮೆಗಳ ತಲೆಯಲ್ಲಿ ಒಂದಕ್ಷರ ಬದಲಿಸದೆ ಇಟ್ಟೆ. ಲಿಂಕ್ಡ್‌ಇನ್ ಮತ್ತು ನೌಕರಿ.ಕಾಂ ಪ್ರೊಫೈಲ್‌ಗಳಲ್ಲಿಯೂ ಅದನ್ನೇ ಹಾಕಿದೆ. ಒಂದು ಕಡೆ ಬರಹಗಾರ್ತಿ, ಇನ್ನೊಂದು ಕಡೆ ಎಂಜಿನಿಯರ್ ಎಂದಿದ್ದರೆ ಅಲ್ಲೇ ಅನುಮಾನ ಹುಟ್ಟುತ್ತದೆ.

ಆಮೇಲೆ ಆ ವಾಕ್ಯಕ್ಕೆ ಸಾಕ್ಷಿ ಬೇಕಿತ್ತು. ಎರಡು ರೆಸ್ಯೂಮೆಗಳಿಗೆ ಎರಡು ಬೇರೆ ಸಾಧನೆಗಳನ್ನು ಹುಡುಕದೆ, ಒಂದೇ ಪ್ರಕರಣವನ್ನು ಎರಡು ಕಡೆಯಿಂದ ಹೇಳಿದೆ. ಪಾವತಿ ಮುಗಿದ ತಕ್ಷಣ ನಮ್ಮ ಸರ್ವರ್ ವ್ಯಾಪಾರಿಯ ಸರ್ವರ್‌ಗೆ ವೆಬ್‌ಹುಕ್ ಸಂದೇಶ ಕಳುಹಿಸುತ್ತದೆ. ಅದು ನಮ್ಮದೇ ಎಂದು ಖಚಿತಪಡಿಸಿಕೊಳ್ಳಲು ಅದರ ಜೊತೆ ಒಂದು ಸಹಿ ಇರುತ್ತದೆ. ಅನೇಕ ವ್ಯಾಪಾರಿಗಳಿಗೆ ಈ ಸಹಿ ತಾಳೆಯಾಗುತ್ತಲೇ ಇರಲಿಲ್ಲ. ಸಂದೇಶವನ್ನು ಬಂದ ಹಾಗೇ, ಒಂದು ಖಾಲಿ ಜಾಗವೂ ಕದಲದಂತೆ ಇಟ್ಟುಕೊಂಡು ಸಹಿಯನ್ನು ಲೆಕ್ಕ ಹಾಕಬೇಕು. ಅವರ ಫ್ರೇಮ್‌ವರ್ಕ್ ಅದನ್ನು ಮೊದಲೇ ಬಿಡಿಸಿಬಿಡುತ್ತಿತ್ತು. ಮತ್ತೆ ಜೋಡಿಸಿದಾಗ ಜಾಗಗಳೋ ಕೀಲಿಗಳ ಕ್ರಮವೋ ಬದಲಾಗಿ ಸಹಿ ಹೊಂದುತ್ತಿರಲಿಲ್ಲ. ಲಾಗ್‌ಗಳನ್ನು ಹೋಲಿಸಿ ಈ ಕಾರಣವನ್ನು ಕಂಡುಹಿಡಿದೆ, ಬಳಿಕ ನಮ್ಮ ದಾಖಲೆಯಲ್ಲಿ ಈ ಸಹಿಯನ್ನು ವಿವರಿಸುವ ಪುಟವನ್ನೂ ನಾನೇ ತಿದ್ದಿ ಬರೆದೆ. ಮೂಲ ಸಂದೇಶವನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬ ಮಾದರಿ ಕೋಡನ್ನು ಪುಟದ ಮೇಲ್ಭಾಗಕ್ಕೆ ತಂದ ಮೇಲೆ ಆ ಬಗೆಯ ಟಿಕೆಟ್‌ಗಳು ಬಹುತೇಕ ನಿಂತವು.

ಸಪೋರ್ಟ್ ಹುದ್ದೆಯ ರೆಸ್ಯೂಮೆಯಲ್ಲಿ ಮೊದಲ ಸಾಲು ಲಾಗ್ ಹೋಲಿಸಿ ಕಾರಣ ಹಿಡಿದ ಬಗ್ಗೆ, ಎರಡನೆಯದು ಪುಟ ತಿದ್ದಿದ ಬಗ್ಗೆ. ರೈಟರ್ ಹುದ್ದೆಯದರಲ್ಲಿ ಕ್ರಮ ತಿರುಗುಮುರುಗು, ಜೊತೆಗೆ ಪುಟದ ಹಳೆಯ ರೂಪ ಹೇಗಿತ್ತು, ಹೊಸದು ಯಾಕೆ ಹಾಗಾಯಿತು ಎಂಬ ಒಂದು ಸಾಲು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದವರಿಗೆ ಒಂದೇ ಕಥೆ ಸಿಗುತ್ತದೆ. ಸೇರಿದ ದಿನಾಂಕ, ಹುದ್ದೆಯ ಹೆಸರು, ನೋಟಿಸ್ ಅವಧಿ ಇವುಗಳಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಬಾರದು. ನನ್ನ ಅಧಿಕೃತ ಹುದ್ದೆಯ ಹೆಸರಿನಲ್ಲಿ ಎಲ್ಲೂ 'ರೈಟರ್' ಎಂದಿರಲಿಲ್ಲ, ಹಾಗಾಗಿ ಅದನ್ನು ಸೇರಿಸಲೂ ಇಲ್ಲ. ಉದ್ಯೋಗ ಪರಿಶೀಲನೆಯ ಹೊತ್ತಿಗೆ ಅಂಥದ್ದು ಹೊರಬರುತ್ತದೆ. ಕಡತದ ಹೆಸರನ್ನೂ ಗಮನಿಸಬೇಕು. `Resume_Writer_final2.pdf` ಎಂಬ ಹೆಸರು ಹಾಗೆಯೇ ಅವರ ಪರದೆಯ ಮೇಲೆ ಕಾಣುತ್ತದೆ. ನಾನು ಎರಡಕ್ಕೂ ಬರೀ ನನ್ನ ಹೆಸರಿಟ್ಟೆ.

ನನಗೆ ಹೆಚ್ಚು ಬೇಕಾಗಿದ್ದುದು ರೈಟರ್ ಹುದ್ದೆ, ಅದಕ್ಕೇ ಮೊದಲು ಅರ್ಜಿ ಹಾಕಿದೆ. ಎರಡನೆಯದನ್ನು ಸಲ್ಲಿಸಿದ ದಿನವೇ ನೇಮಕಾತಿ ಅಧಿಕಾರಿಗೆ ಒಂದು ಚಿಕ್ಕ ಪತ್ರ ಬರೆದೆ. ಇಂಗ್ಲಿಷಿನಲ್ಲಿದ್ದ ಅದರ ಸಾರ ಇಷ್ಟು: "ನಾನು ನಿಮ್ಮಲ್ಲಿ ಎರಡು ಹುದ್ದೆಗಳಿಗೆ ಅರ್ಜಿ ಸಲ್ಲಿಸಿದ್ದೇನೆ. ಎರಡರಲ್ಲೂ ಡೆವಲಪರ್‌ಗಳ ತೊಡಕು ಬಿಡಿಸುವುದೇ ಕೆಲಸ, ಕಳೆದ ಕೆಲವು ವರ್ಷಗಳಿಂದ ನಾನು ಮಾಡುತ್ತಿರುವುದೂ ಅದನ್ನೇ. ನನ್ನ ಮೊದಲ ಆದ್ಯತೆ ಟೆಕ್ನಿಕಲ್ ರೈಟರ್. ನಿಮ್ಮ ತಂಡದ ಅಗತ್ಯಕ್ಕೆ ಸಪೋರ್ಟ್ ಹುದ್ದೆ ಹೆಚ್ಚು ಹೊಂದುತ್ತದೆ ಎನಿಸಿದರೆ ಅದನ್ನೂ ಅಷ್ಟೇ ಗಂಭೀರವಾಗಿ ಪರಿಗಣಿಸುತ್ತೇನೆ." ಆದ್ಯತೆಯನ್ನು ಬಾಯಿಬಿಟ್ಟು ಹೇಳಿದ್ದೇ ಈ ಪತ್ರದ ಜೀವ. 'ಯಾವುದಾದರೂ ಸರಿ' ಎಂದು ಬರೆದಿದ್ದರೆ ಎಲ್ಲ ಸಿದ್ಧತೆಯೂ ನೀರಿನಲ್ಲಿ ಹೋಮ ಮಾಡಿದಂತಾಗುತ್ತಿತ್ತು.

ಆ ಕಂಪನಿಯಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರಿದ್ದರು. ಎರಡಕ್ಕೂ ಅವರ ಶಿಫಾರಸನ್ನೇ ಕೇಳಿದೆ, ಅದೇ ವಾಕ್ಯವನ್ನು ಅವರಿಗೂ ಕೊಟ್ಟೆ. ಇಬ್ಬರ ಮೂಲಕ ಎರಡು ಶಿಫಾರಸು ಹೋಗಿದ್ದರೆ ಇಬ್ಬರೂ ನನ್ನ ಬಗ್ಗೆ ಬೇರೆ ಬೇರೆ ಮಾತು ಹೇಳುವ ಸಾಧ್ಯತೆಯಿತ್ತು.

ಅಧಿಕಾರಿ ಫೋನ್ ಮಾಡಿದಾಗ ಮೊದಲ ಪ್ರಶ್ನೆಯೇ, "ಎರಡರಲ್ಲಿ ನಿಮಗೆ ನಿಜವಾಗಿ ಯಾವುದು ಬೇಕು, ಮೇಡಂ?" ಪತ್ರದಲ್ಲಿದ್ದುದನ್ನೇ ಹೇಳಿ ವೆಬ್‌ಹುಕ್ ಪ್ರಕರಣವನ್ನು ವಿವರಿಸಿದೆ. ಆಮೇಲೆ ನಾನೇ ಒಂದು ಪ್ರಶ್ನೆ ಕೇಳಿದೆ: ಒಂದು ಹುದ್ದೆಯ ಸಂದರ್ಶನದಲ್ಲಿ ಆಯ್ಕೆಯಾಗದಿದ್ದರೆ ಇನ್ನೊಂದರ ಅರ್ಜಿ ಉಳಿಯುತ್ತದೆಯೇ? ಇದನ್ನು ಸಂದರ್ಶನಕ್ಕೆ ಮೊದಲೇ ತಿಳಿದುಕೊಳ್ಳಬೇಕು. ಕೆಲವು ಕಂಪನಿಗಳಲ್ಲಿ ಒಮ್ಮೆ ತಿರಸ್ಕೃತರಾದವರು ಕೆಲವು ತಿಂಗಳು ಯಾವ ಹುದ್ದೆಗೂ ಅರ್ಜಿ ಹಾಕುವಂತಿಲ್ಲ. ಹಾಗಿದ್ದರೆ ಸಪೋರ್ಟ್ ಸಂದರ್ಶನವನ್ನು ಮೊದಲು ಕೊಟ್ಟು ಸೋತು ರೈಟರ್ ಹುದ್ದೆಯನ್ನೂ ಕಳೆದುಕೊಳ್ಳುವ ಅಪಾಯವಿತ್ತು. ಅಲ್ಲಿ ಅಂಥ ನಿಯಮ ಇರಲಿಲ್ಲ, ಆದರೂ ರೈಟರ್ ಸಂದರ್ಶನವನ್ನೇ ಮೊದಲು ಇಡಲು ಕೋರಿದೆ, ಅವರು ಒಪ್ಪಿದರು.

ಸಂಬಳದ ಕಾಲಂ ಇನ್ನೊಂದು ತೊಡಕು. ಎರಡು ಹುದ್ದೆಗಳ ಸಂಬಳದ ಮಟ್ಟ ಸಾಮಾನ್ಯವಾಗಿ ಬೇರೆ. ಅರ್ಜಿಯಲ್ಲಿ ಬೇರೆ ಬೇರೆ ಅಂಕಿ ತುಂಬಿದರೆ ಎರಡೂ ಒಟ್ಟಿಗೆ ಕಂಡು, ಕಡಿಮೆಯದೇ ನಿಮ್ಮ ಬೆಲೆಯಾಗುತ್ತದೆ. ನಾನು ಎರಡರಲ್ಲೂ ಒಂದೇ ಕನಿಷ್ಠ ಮೊತ್ತ ಬರೆದೆ, ಅದಕ್ಕಿಂತ ಕಡಿಮೆಗೆ ಯಾವ ಹುದ್ದೆಯನ್ನೂ ಒಪ್ಪುವುದಿಲ್ಲ ಎಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ.

ಇದೆಲ್ಲ ನಡೆಯುವುದು ಎರಡು ಹುದ್ದೆಗಳ ನಡುವೆ ನಿಜವಾದ ಬಂಧವಿದ್ದಾಗ ಮಾತ್ರ. ಆ ಒಂದು ವಾಕ್ಯ ಎಷ್ಟು ತಿಣುಕಿದರೂ ಹೊಳೆಯದಿದ್ದರೆ ಒಂದೇ ಹುದ್ದೆಗೆ ಹಾಕುವುದು ಮೇಲು. ಅದೇ ಕಂಪನಿಯ ಮಾರಾಟ ವಿಭಾಗದ ಹುದ್ದೆಯೊಂದನ್ನು ನಾನು ಹಾಗೆ ಬಿಟ್ಟುಬಿಟ್ಟೆ. ಒಂದೇ ಕೆಲಸದ ಹಿರಿಯ ಮತ್ತು ಕಿರಿಯ ಹುದ್ದೆಗಳೆರಡಕ್ಕೂ ಹಾಕಿ ಎಂದಂತೂ ಯಾರಿಗೂ ಹೇಳುವುದಿಲ್ಲ. ತನ್ನ ಮಟ್ಟದ ಬಗ್ಗೆ ತನಗೇ ನಂಬಿಕೆಯಿಲ್ಲ ಎಂದು ಬರೆದುಕೊಟ್ಟಂತೆ ಅದು.

ರೈಟರ್ ಹುದ್ದೆ ನನಗೆ ಸಿಕ್ಕಿತು. ಆಫರ್ ಪತ್ರಕ್ಕೆ ಸಹಿ ಹಾಕಿದ ದಿನವೇ ಸಪೋರ್ಟ್ ಅರ್ಜಿಯನ್ನು ಹಿಂಪಡೆಯುತ್ತಿರುವುದಾಗಿ ಅಧಿಕಾರಿಗೆ ಬರೆದು, ಆ ತಂಡದ ಮುಖ್ಯಸ್ಥರಿಗೂ ಪ್ರತಿ ಕಳುಹಿಸಿದೆ. ಸೇರಿದ ಮೇಲೆ ದಾಖಲೆಗೆ ಬೇಕಾದ ಟಿಕೆಟ್‌ಗಳನ್ನು ಕೇಳಿಕೊಂಡು ನಾನು ಹೆಚ್ಚಾಗಿ ಹೋಗುವುದು ಅವರ ಬಳಿಗೇ.