ಫಿಲ್ಟರ್ ಬದಲಿಸಬೇಕಾ? ಲೋಟ, ಗಡಿಯಾರ ಹಿಡಿದು ನೋಡಿ

"ಎಲ್ಲಾ ಹೋಗಿದೆ ಸಾರ್, ಫುಲ್ ಸೆಟ್ ಚೇಂಜ್ ಮಾಡಬೇಕು."

ನಮ್ಮ ಮನೆಯ ವಾಟರ್ ಪ್ಯೂರಿಫೈಯರ್ ಸರ್ವಿಸ್‌ಗೆ ಬಂದ ಹುಡುಗ ಮುಚ್ಚಳ ಕೂಡ ತೆಗೆಯದೆ ಹೇಳಿದ ಮಾತಿದು. ನಮ್ಮ ದೂರು ಇದ್ದದ್ದು ಒಂದೇ, ನೀರು ತುಂಬಾ ನಿಧಾನ ಬರ್ತಿದೆ ಅಂತ. ಆಮೇಲೆ ನಾನೇ ಕೂತು ನೋಡಿದಾಗ ಹೋಗಿದ್ದದ್ದು ಒಂದೇ ಒಂದು ಕಾರ್ಟ್ರಿಜ್, ಅದೂ ಎಲ್ಲಕ್ಕಿಂತ ಸಸ್ತಾ ಇರುವುದು. ಅದನ್ನು ಹೇಗೆ ಪತ್ತೆ ಹಚ್ಚಿದೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ಯಾವ ಫಿಲ್ಟರ್ ಏನು ಮಾಡುತ್ತದೆ, ಕೆಟ್ಟಾಗ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಗೊತ್ತಿರಬೇಕು. ಎಲ್ಲವೂ ಒಂದೇ ಥರ ಕೆಡುವುದಿಲ್ಲ.

ಕ್ಯಾಂಡಲ್ ಸೀದಾ ಮನುಷ್ಯನ ಹಾಗೆ, ಒಳಗೊಂದು ಹೊರಗೊಂದು ಇಲ್ಲ. ಅದು ಸಣ್ಣ ಸಣ್ಣ ರಂಧ್ರಗಳಿರುವ ಸೆರಾಮಿಕ್. ಮಣ್ಣು, ಕೆಸರು, ಒಳ್ಳೆಯ ಕ್ಯಾಂಡಲ್ ಆದರೆ ಹೆಚ್ಚಿನ ಬ್ಯಾಕ್ಟೀರಿಯಾ ಕೂಡ ಅದರ ಮೈಮೇಲೇ ನಿಲ್ಲುತ್ತವೆ. ವೈರಸ್ ತುಂಬಾ ಚಿಕ್ಕದು, ನುಸುಳಿಬಿಡುತ್ತದೆ. ನೀರಿನಲ್ಲಿ ಕರಗಿದ ಉಪ್ಪು, ಗಡಸುತನ ಇದಕ್ಕೆ ಸಿಗುವುದೇ ಇಲ್ಲ. ಕಟ್ಟಿಕೊಂಡರೆ ನೀರು ನಿಧಾನವಾಗುತ್ತದೆ, ಆಗ ಸೋಪು ಹಾಕದೆ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿದರೆ ಸರಿಹೋಗುತ್ತದೆ. ಉಜ್ಜಿದ ಮರುದಿನವೇ ಮತ್ತೆ ನಿಧಾನವಾದರೆ, ಅಥವಾ ಉಜ್ಜಿ ಉಜ್ಜಿ ಗೋಡೆ ತೆಳ್ಳಗಾಗಿದ್ದರೆ ಬದಲಿಸಿ. ನಿಧಾನ ಆಗುವುದಕ್ಕಿಂತ ಇದ್ದಕ್ಕಿದ್ದ ಹಾಗೆ ಜೋರಾಗಿ ನೀರು ಇಳಿಯತೊಡಗಿದರೆ ಜಾಸ್ತಿ ಹುಷಾರಾಗಿರಬೇಕು, ಎಲ್ಲೋ ಬಿರುಕು ಬಿಟ್ಟಿದೆ ಅಂತ ಅನುಮಾನ ಪಡಿ. ಕ್ಯಾಂಡಲ್ ಅನ್ನು ಚೆನ್ನಾಗಿ ನೆನೆಸಿ, ನೀರೊಳಗೆ ಮುಳುಗಿಸಿ ಹಿಡಿದು, ಕೊಳವೆಯ ತುದಿಗೆ ಒಂದು ಪೈಪ್ ಸಿಕ್ಕಿಸಿ ಊದಿ. ಒಂದೇ ಜಾಗದಿಂದ ಸಾಲಾಗಿ ಗುಳ್ಳೆ ಬಂದರೆ ಅಲ್ಲೇ ಬಿರುಕು.

ಕಾರ್ಬನ್ ಹಾಗಲ್ಲ, ಕೆಟ್ಟರೂ ಸುಮ್ನೆ ಇರುತ್ತದೆ. ಕ್ಲೋರಿನ್, ವಾಸನೆ, ಬಣ್ಣ, ಕೆಲವು ಕೀಟನಾಶಕಗಳು ಇವನ್ನೆಲ್ಲ ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಅಂಟಿಸಿಕೊಳ್ಳಲು ಜಾಗ ಮುಗಿದರೂ ನೀರೇನೋ ಮೊದಲಿನ ಹಾಗೇ ಹರಿಯುತ್ತದೆ. ಎರಡು ಕಾರ್ಟ್ರಿಜ್ ಪಕ್ಕಪಕ್ಕ ಇಟ್ಟರೆ ಯಾವುದು ಹೊಸದು, ಯಾವುದು ಸತ್ತದ್ದು ಅಂತ ಕಣ್ಣಿಗೆ ತಿಳಿಯುವುದಿಲ್ಲ. ಉಪ್ಪನ್ನು ಇದೂ ಮುಟ್ಟುವುದಿಲ್ಲ.

ಯುವಿ ಇನ್ನೂ ಮೋಸ. ಲ್ಯಾಂಪ್ ನೀಲಿಯಾಗಿ ಉರಿಯುತ್ತಿದೆ, ಅಂದರೆ ಸರಿಯಿದೆ ಅಂದುಕೊಳ್ಳುತ್ತೇವೆ ಅಲ್ವಾ? ಸೂಕ್ಷ್ಮಜೀವಿಗಳನ್ನು ನಿಷ್ಕ್ರಿಯ ಮಾಡುವುದು ಸುಮಾರು 254 ನ್ಯಾನೋಮೀಟರ್‌ನ ಕಿರಣ, ಅದು ಕಣ್ಣಿಗೆ ಕಾಣುವುದೇ ಇಲ್ಲ. ನೀಲಿ ಬೆಳಕು ಹಾಗೇ ಇದ್ದು ಆ ಕಿರಣ ಮಾತ್ರ ಕುಗ್ಗಿರಬಹುದು. ಸಾಮಾನ್ಯ ಲ್ಯಾಂಪ್‌ಗಳ ಆಯಸ್ಸು 8,000ರಿಂದ 9,000 ಗಂಟೆ, ಸದಾ ಉರಿಯುವಂಥದ್ದಾದರೆ ಹತ್ತಿರ ಹತ್ತಿರ ಒಂದು ವರ್ಷ. ಆದ್ದರಿಂದ ಇಲ್ಲಿ ಕ್ಯಾಲೆಂಡರ್ ನೋಡುವುದೇ ದಾರಿ. ಲ್ಯಾಂಪ್ ಸುತ್ತ ಇರುವ ಗಾಜಿನ ಕೊಳವೆಗೆ ಬಿಳಿ ಪೊರೆ ಕಟ್ಟಿದ್ದರೂ ಕಿರಣ ನೀರಿಗೆ ತಲುಪುವುದಿಲ್ಲ. ಪ್ಲಗ್ ಕಿತ್ತು, ವಿನಿಗರ್‌ನಲ್ಲಿ ಒರೆಸಿ. ಉರಿಯುವ ಲ್ಯಾಂಪನ್ನು ಬರಿಗಣ್ಣಲ್ಲಿ ನೋಡಬೇಡಿ.

ಈಗ ಮೆಂಬ್ರೇನ್, ಅಂದರೆ ಆರ್‌ಓ. ಉಪ್ಪಿನಂಶ ತೆಗೆಯುವುದು ಈ ನಾಲ್ಕರಲ್ಲಿ ಇದೊಂದೇ. ನಿಮ್ಮ ನೀರಲ್ಲಿ ಉಪ್ಪು ಕಡಿಮೆ ಇದ್ದರೆ ಇದು ಬೇಕಾಗಿಯೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ, ಸುಮ್ನೆ ಅರ್ಧಕ್ಕಿಂತ ಜಾಸ್ತಿ ನೀರು ಚರಂಡಿಗೆ ಹೋಗುತ್ತದೆ. ಇದರ ಮುಂದೆ ಸಾಮಾನ್ಯವಾಗಿ ಎರಡು ಕಾವಲುಗಾರರು ಇರುತ್ತಾರೆ. ಕೆಸರು ಹಿಡಿಯುವ ಬಿಳಿ ನೂಲಿನುಂಡೆಯಂಥ ಸೆಡಿಮೆಂಟ್ ಫಿಲ್ಟರ್, ಆಮೇಲೆ ಕಾರ್ಬನ್. ಕಾರ್ಬನ್ ಅಲ್ಲಿರುವುದು ಬರೀ ರುಚಿಗಲ್ಲ, ಕ್ಲೋರಿನ್ ತಾಗಿದರೆ ಮೆಂಬ್ರೇನ್ ಹಾಳಾಗುತ್ತದೆ, ಅದಕ್ಕೆ.

ನಮ್ಮ ಮನೆಯ ಕತೆಗೆ ಬರೋಣ. ಹೊಸದಾಗಿ ಹಾಕಿಸಿದಾಗಲೇ ಮೂರು ಅಂಕಿ ಬರೆದಿಟ್ಟಿದ್ದೆ, ಇದನ್ನು ನೀವೂ ಮಾಡಿ. ಮೆಂಬ್ರೇನ್‌ನಿಂದ ಟ್ಯಾಂಕಿಗೆ ಹೋಗುವ ಪೈಪನ್ನು ಬಿಡಿಸಿ, 1 ಲೀಟರ್ ತುಂಬಲು ಎಷ್ಟು ಹೊತ್ತು ಅಂತ ನೋಡಿದೆ. 5 ನಿಮಿಷ. ನಲ್ಲಿಯಲ್ಲಿ ಹಿಡಿದರೆ ಲೆಕ್ಕ ತಪ್ಪುತ್ತದೆ, ಅದು ಟ್ಯಾಂಕಿನ ನೀರು. ನೀರಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರ್‌ನಲ್ಲಿ ಒಳಗೆ ಹೋಗುವ ನೀರು 600, ಹೊರಗೆ ಬರುವುದು 42. ಅಂದರೆ 600ರಲ್ಲಿ 558 ನಿಂತಿತು, ಶೇ 93. ಮೆಷಿನ್ ಆನ್ ಮಾಡಿದ ಕೂಡಲೇ ಬರುವ ನೀರು ಅಳೆಯಬೇಡಿ, ರಾತ್ರಿಯೆಲ್ಲ ನಿಂತ ನೀರಿಗೆ ಉಪ್ಪು ಸ್ವಲ್ಪ ಸೇರಿರುತ್ತದೆ. ಹತ್ತು ನಿಮಿಷ ಓಡಲಿ.

ಎಂಟು ತಿಂಗಳಾದ ಮೇಲೆ ಲೀಟರ್‌ಗೆ 9 ನಿಮಿಷ. ಆ ಹುಡುಗ ಮೆಂಬ್ರೇನ್ ಹೋಯ್ತು ಅಂದ. ಆದರೆ ಟಿಡಿಎಸ್ ನೋಡಿದರೆ ಒಳಗೆ 610, ಹೊರಗೆ 43. ಅದೇ ಶೇ 93! ಮೆಂಬ್ರೇನ್ ತನ್ನ ಕೆಲಸ ಮಾಡ್ತಿದೆ, ಅದಕ್ಕೆ ನೀರೇ ಸರಿಯಾಗಿ ಸಿಗ್ತಿಲ್ಲ ಅನ್ನಿಸಿತು. ಸೆಡಿಮೆಂಟ್ ಹೌಸಿಂಗ್ ಬಿಚ್ಚಿದೆ. ಬಿಳಿ ಇದ್ದದ್ದು ಕಾಫಿ ಬಣ್ಣಕ್ಕೆ ತಿರುಗಿ, ಬೆರಳಿಟ್ಟರೆ ಜಿಗುಟು ಕೆಸರು. ಅದೊಂದನ್ನೇ ಬದಲಿಸಿ ಮತ್ತೆ ಲೀಟರ್ ಹಿಡಿದೆ, 5 ನಿಮಿಷ 20 ಸೆಕೆಂಡ್. ಇದನ್ನು ಬದಲಿಸಿದ ಮೇಲೂ 9 ನಿಮಿಷವೇ ಬಂದಿದ್ದರೆ ಆಗ ಮೆಂಬ್ರೇನ್‌ಗೆ ಸುಣ್ಣ ಕಟ್ಟಿದೆಯಾ, ಪಂಪ್ ಸೊರಗಿದೆಯಾ ಅಂತ ನೋಡಬೇಕಿತ್ತು. ಚಳಿಗಾಲದಲ್ಲಿ ತಣ್ಣಗಿನ ನೀರು ತಾನಾಗೇ ನಿಧಾನ ದಾಟುತ್ತದೆ, ಅದನ್ನೂ ನೆನಪಿಡಿ.

ಅಷ್ಟಕ್ಕೇ ನಾನು ಬೀಗಿದೆ. ಕಾರ್ಬನ್ ಮರೆತೆ.

ಇನ್ನೂ ಆರು ತಿಂಗಳು ಕಳೆಯಿತು. ಈ ಸಲ ಉಲ್ಟಾ. ಲೀಟರ್‌ಗೆ 4 ನಿಮಿಷ 15 ಸೆಕೆಂಡ್, ಹೊಸದಕ್ಕಿಂತ ಫಾಸ್ಟ್! ಮನೆಯವರೆಲ್ಲ ಖುಷಿ. ಟಿಡಿಎಸ್ ಹಿಡಿದರೆ ಒಳಗೆ 600, ಹೊರಗೆ 126. ಶೇ 79ಕ್ಕೆ ಇಳಿದಿದೆ. ನೀರು ಜಾಸ್ತಿ, ಉಪ್ಪೂ ಜಾಸ್ತಿ ಅಂದರೆ ಮೆಂಬ್ರೇನ್ ಕಟ್ಟಿಕೊಂಡಿಲ್ಲ, ಸವೆದಿದೆ. ಸೀಲ್ ಸರಿ ಕೂತಿಲ್ಲದಿದ್ದರೂ ಹೀಗಾಗಬಹುದು, ಅದನ್ನು ಮೊದಲು ನೋಡಿದೆ, ಸರಿಯಿತ್ತು. ಆಮೇಲೆ ಚರಂಡಿಗೆ ಹೋಗುವ ರಿಜೆಕ್ಟ್ ಪೈಪಿನ ನೀರು ಒಂದು ಲೋಟ ಹಿಡಿದು, ಈಜುಕೊಳಕ್ಕೆ ಬಳಸುವ ಕ್ಲೋರಿನ್ ಪಟ್ಟಿ ಅದ್ದಿದೆ. ಈ ನೀರು ಕಾರ್ಬನ್ ದಾಟಿಯೇ ಬಂದಿರುತ್ತದೆ, ಹಾಗಾಗಿ ಅದರಲ್ಲಿ ಕ್ಲೋರಿನ್ ಇರಬಾರದು. ಪಟ್ಟಿ ಬಣ್ಣಕ್ಕೆ ತಿರುಗಿತು. ಸತ್ತ ಕಾರ್ಬನ್ ಎಷ್ಟು ದಿನದಿಂದ ಕ್ಲೋರಿನ್ ಬಿಡುತ್ತಿತ್ತೋ, ಎಲ್ಲವನ್ನೂ ಮೆಂಬ್ರೇನ್ ತಿಂದಿತ್ತು.

ಆಗ ಕೂತು ಲೆಕ್ಕ ಹಾಕಿದೆ. ಕಾರ್ಟ್ರಿಜ್ ಮೇಲೆ 6,000 ಲೀಟರ್ ಅಂತ ಬರೆದಿತ್ತು. ದಿನಕ್ಕೆ ಕುಡಿಯೋಕೆ 10 ಲೀಟರ್, ಅಂದರೆ 600 ದಿನ ಬರುತ್ತೆ ಅಂದುಕೊಂಡಿದ್ದೆ. ಆದರೆ ಚರಂಡಿಗೆ ಹೋಗುವ 30 ಲೀಟರ್ ಕೂಡ ಕಾರ್ಬನ್ ದಾಟಿಯೇ ಹೋಗುತ್ತದೆ. ದಿನಕ್ಕೆ 40 ಲೀಟರ್, ಅಲ್ಲಿಗೆ 150 ದಿನ. ಐದೇ ತಿಂಗಳು! ನಾನು ಹದಿನಾಲ್ಕು ತಿಂಗಳು ಓಡಿಸಿದ್ದೆ.

ಕಾರ್ಬನ್, ಮೆಂಬ್ರೇನ್ ಎರಡನ್ನೂ ಬದಲಿಸಿದ್ದಾಯಿತು. ಹೊಸ ಕಾರ್ಬನ್ ಮೊದಲು ಕಪ್ಪು ಪುಡಿ ಬಿಡುತ್ತದೆ, ಅದನ್ನು ಮೆಂಬ್ರೇನ್‌ಗೆ ಹೋಗಲು ಬಿಡದೆ ಪೈಪ್ ಬಿಡಿಸಿ ಬಕೆಟ್‌ಗೆ ಹರಿಸಿ, ನೀರು ತಿಳಿಯಾದ ಮೇಲೆ ಜೋಡಿಸಿ. ಈಗ ತಿಂಗಳಿಗೊಮ್ಮೆ ರಿಜೆಕ್ಟ್ ನೀರಿಗೆ ಪಟ್ಟಿ ಅದ್ದಿ ನೋಡುತ್ತೇನೆ. ಹೌಸಿಂಗ್ ಮೇಲೆ ಮಾರ್ಕರ್‌ನಲ್ಲಿ ಹಾಕಿದ ತಾರೀಕು ಮಾತ್ರ ಒದ್ದೆ ಕೈ ತಾಗಿ ಅರ್ಧ ಅಳಿಸಿದೆ, ಟೇಪ್ ಅಂಟಿಸಿ ಬರೆಯಬೇಕಿತ್ತು.