ಲೋಗೊದೊಳಗಿನ ಅಕ್ಷರ ಯಾರದು? ಫಾಂಟ್‌ನಿಂದ ಟ್ರೇಡ್‌ಮಾರ್ಕ್‌ವರೆಗಿನ ಹೆಜ್ಜೆಗಳು

2010ರ ಜನವರಿಯಲ್ಲಿ ಫ್ರಾನ್ಸಿನಲ್ಲಿ ಹಡೋಪಿ ಎಂಬ ಸರ್ಕಾರಿ ಸಂಸ್ಥೆಯ ಲೋಗೊ ಬಿಡುಗಡೆಯಾಯಿತು. ಅಂತರ್ಜಾಲದಲ್ಲಿ ನಡೆಯುವ ಪೈರಸಿಯನ್ನು ತಡೆಯುವುದೇ ಆ ಸಂಸ್ಥೆಯ ಕೆಲಸವಾಗಿತ್ತು. ಲೋಗೊ ಹೊರಬಿದ್ದ ಕೂಡಲೇ ಅಕ್ಷರ ವಿನ್ಯಾಸ ಬಲ್ಲವರು ಅದರೊಳಗಿನ ಅಕ್ಷರಗಳನ್ನು ಗುರುತಿಸಿದರು. ಅವು ವಿನ್ಯಾಸಕ ಜಾನ್ ಫ್ರಾಂಸ್ವಾ ಪೋರ್ಶೆ ಅವರು ಫ್ರಾನ್ಸ್ ಟೆಲಿಕಾಂ ಕಂಪನಿಗೆಂದೇ ರೂಪಿಸಿದ್ದ ‘ಬಿಯಾಂವೆನ್ಯೂ’ ಫಾಂಟ್‌ನ ಅಕ್ಷರಗಳಾಗಿದ್ದವು. ಆ ಫಾಂಟ್ ಮಾರಾಟಕ್ಕೆ ಇರಲಿಲ್ಲ, ಬೇರೆ ಯಾರಿಗೂ ಅದರ ಪರವಾನಗಿ ಸಿಗುವಂತಿರಲಿಲ್ಲ. ಲೋಗೊವನ್ನು ಹಿಂದಕ್ಕೆ ಪಡೆದು ಬೇರೆ ಅಕ್ಷರಗಳಲ್ಲಿ ಮತ್ತೆ ರಚಿಸಬೇಕಾಯಿತು.

ಲೋಗೊದಲ್ಲಿ ಫಾಂಟ್ ಬಳಸುವವರು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು. ಈ ಅಕ್ಷರಗಳನ್ನು ಬಳಸಲು ನಮಗೆ ಅನುಮತಿ ಇದೆಯೇ ಎಂಬುದು ಮೊದಲನೆಯದು. ಇದಕ್ಕೆ ಉತ್ತರ ಪರವಾನಗಿ ಪತ್ರದಲ್ಲಿದೆ. ನಾವು ಬಳಸಿದ ರೂಪವನ್ನು ಇತರರು ಬಳಸದಂತೆ ತಡೆಯಲು ನಮಗೆ ಸಾಧ್ಯವೇ ಎಂಬುದು ಎರಡನೆಯದು. ಇದಕ್ಕೆ ಉತ್ತರ ಅಕ್ಷರಗಳನ್ನು ನಾವು ಎಷ್ಟರ ಮಟ್ಟಿಗೆ ನಮ್ಮದಾಗಿ ತಿದ್ದಿದ್ದೇವೆ ಎಂಬುದರಲ್ಲಿದೆ. ಒಂದಕ್ಕೆ ಸಿಕ್ಕ ಉತ್ತರ ಇನ್ನೊಂದಕ್ಕೆ ಸಲ್ಲುವುದಿಲ್ಲ. ಕದ್ದ ಫಾಂಟ್‌ನ ಅಕ್ಷರಗಳನ್ನು ಎಷ್ಟು ತಿದ್ದಿದರೂ ಅನುಮತಿಯ ದೋಷ ಹಾಗೆಯೇ ಉಳಿಯುತ್ತದೆ. ಹಣ ಕೊಟ್ಟು ಕೊಂಡ ಫಾಂಟ್‌ನ ಅಕ್ಷರಗಳನ್ನು ತಿದ್ದದೆ ಬಳಸಿದರೆ ಅದೇ ಹಣ ಕೊಟ್ಟ ಬೇರೆಯವರೂ ಅದೇ ಅಕ್ಷರಗಳಲ್ಲಿ ತಮ್ಮ ಹೆಸರನ್ನು ಬರೆದುಕೊಳ್ಳಬಹುದು.

ಒಂದು ಕಾಲ್ಪನಿಕ ಉದಾಹರಣೆಯನ್ನು ಇಟ್ಟುಕೊಂಡು ಮುಂದೆ ಹೋಗೋಣ. ಲೆಕ್ಕಪತ್ರದ ತಂತ್ರಾಂಶ ತಯಾರಿಸುವ ಸಂಸ್ಥೆಯೊಂದು ತನ್ನ ಉತ್ಪನ್ನಕ್ಕೆ ‘ಮಿನುಗು’ ಎಂದು ಹೆಸರಿಟ್ಟಿದೆ. ಲೋಗೊದಲ್ಲಿ ಚಿತ್ರ ಬೇಡ, ಕನ್ನಡ ಅಕ್ಷರಗಳಲ್ಲಿ ಬರೆದ ಹೆಸರೇ ಲೋಗೊ ಆಗಬೇಕು ಎಂದು ನಿರ್ಧರಿಸಿದೆ.

ಮೊದಲ ಹೆಜ್ಜೆ: ಪರವಾನಗಿಯನ್ನು ಓದುವುದು

ಫಾಂಟ್ ಎಂಬುದು ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ತಂತ್ರಾಂಶ. ನಾವು ಕೊಳ್ಳುವುದು ಫಾಂಟನ್ನಲ್ಲ, ಅದನ್ನು ಇಂತಿಂಥ ಕೆಲಸಗಳಿಗೆ ಬಳಸುವ ಅನುಮತಿಯನ್ನು ಮಾತ್ರ. ಅಮೆರಿಕದಲ್ಲಿ ಅಕ್ಷರಗಳ ವಿನ್ಯಾಸಕ್ಕೆ ಹಕ್ಕುಸ್ವಾಮ್ಯ ಇಲ್ಲ, ಆದರೆ ಫಾಂಟ್ ತಂತ್ರಾಂಶಕ್ಕೆ ಇದೆ. ಯುರೋಪಿನ ಒಕ್ಕೂಟದಲ್ಲಿ ಅಕ್ಷರ ವಿನ್ಯಾಸವನ್ನೇ ನೋಂದಾಯಿಸಿ ಗರಿಷ್ಠ 25 ವರ್ಷ ರಕ್ಷಣೆ ಪಡೆಯಬಹುದು. ಆದ್ದರಿಂದ ‘ಅಕ್ಷರಗಳಿಗೆ ಯಾರ ಹಕ್ಕೂ ಇಲ್ಲ’ ಎಂಬ ಮಾತನ್ನು ನಂಬಿ ಕೆಲಸ ಮಾಡುವುದು ಅಪಾಯಕರ. ಒಂದು ದೇಶದಲ್ಲಿ ಅರ್ಧ ನಿಜವಾದದ್ದು ಮತ್ತೊಂದು ದೇಶದಲ್ಲಿ ಪೂರ್ತಿ ಸುಳ್ಳಾಗಬಹುದು.

ಪರವಾನಗಿಯಲ್ಲಿ ಹುಡುಕಬೇಕಾದದ್ದು ‘ಲೋಗೊ’ ಮತ್ತು ‘ಟ್ರೇಡ್‌ಮಾರ್ಕ್’ ಎಂಬ ಎರಡು ಪದಗಳನ್ನು. ಕಂಪ್ಯೂಟರಿನಲ್ಲಿ ಅಳವಡಿಸಿಕೊಂಡು ಬಳಸುವ ಸಾಮಾನ್ಯ ಪರವಾನಗಿಗಳಲ್ಲಿ ಹಲವು ಲೋಗೊ ರಚನೆಗೆ ಅವಕಾಶ ಕೊಡುತ್ತವೆ. ಕೆಲವು ಲೋಗೊಗೆ ಬೇರೆ ಶುಲ್ಕ ಕೇಳುತ್ತವೆ. ಇನ್ನು ಕೆಲವು ಲೋಗೊ ಮಾಡಬಹುದು, ಆದರೆ ಅದನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸುವ ಮುನ್ನ ಲಿಖಿತ ಒಪ್ಪಿಗೆ ಬೇಕು ಎನ್ನುತ್ತವೆ. ಈ ಮೂರನೆಯ ಬಗೆಯನ್ನು ಜನ ಗಮನಿಸದೆ ಹೋಗುತ್ತಾರೆ, ಏಕೆಂದರೆ ಲೋಗೊಗೆ ಅನುಮತಿ ಇದೆ ಎಂಬ ಸಾಲು ಕಂಡ ತಕ್ಷಣ ಓದು ನಿಂತುಬಿಡುತ್ತದೆ. ‘ವೈಯಕ್ತಿಕ ಬಳಕೆಗೆ ಮಾತ್ರ’ ಎಂದು ಉಚಿತವಾಗಿ ಸಿಗುವ ಫಾಂಟ್‌ಗಳನ್ನು ವ್ಯಾಪಾರದ ಲೋಗೊಗೆ ಬಳಸುವಂತಿಲ್ಲ.

ಮಿನುಗು ಸಂಸ್ಥೆಯ ವಿನ್ಯಾಸಕರು ಬಲೂ ತಮ್ಮ ಎಂಬ ಕನ್ನಡ ಫಾಂಟನ್ನು ಆರಿಸಿಕೊಂಡರು ಎಂದುಕೊಳ್ಳೋಣ. ಅದು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್‌ನ ಅಡಿಯಲ್ಲಿ ಸಿಗುತ್ತದೆ. ಈ ಪರವಾನಗಿಯ ನಿಬಂಧನೆಗಳು ಫಾಂಟ್ ಫೈಲ್‌ಗೆ ಅನ್ವಯಿಸುತ್ತವೆಯೇ ಹೊರತು ಆ ಫಾಂಟ್‌ನಿಂದ ರಚಿಸಿದ ದಾಖಲೆ ಅಥವಾ ಲೋಗೊಗೆ ಅನ್ವಯಿಸುವುದಿಲ್ಲ. ವ್ಯಾಪಾರಕ್ಕೂ ಬಳಸಬಹುದು, ಅಕ್ಷರಗಳನ್ನು ತಿದ್ದಲೂಬಹುದು. ಹೀಗೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ಇಷ್ಟು ಉದಾರವಾದ ಅನುಮತಿ ಎಲ್ಲರಿಗೂ ಇರುವುದರಿಂದಲೇ ಎರಡನೆಯ ಪ್ರಶ್ನೆ ಇಲ್ಲಿ ಹೆಚ್ಚು ಗಂಭೀರವಾಗುತ್ತದೆ. ಪರವಾನಗಿಯ ಪ್ರತಿಯನ್ನೂ ಫಾಂಟ್ ಪಡೆದ ದಿನಾಂಕವನ್ನೂ ಈ ಹಂತದಲ್ಲೇ ಕಡತದಲ್ಲಿ ಸೇರಿಸಿಡಬೇಕು.

ಎರಡನೆಯ ಹೆಜ್ಜೆ: ಏನನ್ನು ನೋಂದಾಯಿಸುತ್ತೇವೆ ಎಂದು ತೀರ್ಮಾನಿಸುವುದು

ಹೆಸರನ್ನು ಎರಡು ರೀತಿಯಲ್ಲಿ ನೋಂದಾಯಿಸಬಹುದು. ಪದವನ್ನಷ್ಟೇ ನೋಂದಾಯಿಸಿದರೆ ಅದು ಯಾವ ಅಕ್ಷರರೂಪದಲ್ಲಿದ್ದರೂ ರಕ್ಷಣೆ ಪಡೆಯುತ್ತದೆ, ಫಾಂಟ್‌ನ ಪ್ರಶ್ನೆಯೇ ಬರುವುದಿಲ್ಲ. ಪದದ ಚಿತ್ರರೂಪವನ್ನು ನೋಂದಾಯಿಸಿದರೆ ರಕ್ಷಣೆ ಆ ನಿರ್ದಿಷ್ಟ ರೂಪವನ್ನು ಅವಲಂಬಿಸುತ್ತದೆ. ಹೆಸರು ಬಲವಾಗಿದ್ದಾಗ ಪದದ ನೋಂದಣಿಯೇ ಹೆಚ್ಚು ಉಪಯುಕ್ತ. ಅದರ ಜೊತೆಗೆ ಚಿತ್ರರೂಪವನ್ನೂ ನೋಂದಾಯಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಹೆಸರು ದುರ್ಬಲವಾಗಿದ್ದಾಗ, ಅಂದರೆ ಅದು ಸರಕನ್ನೇ ವರ್ಣಿಸುವ ಪದವಾಗಿದ್ದಾಗ, ಅನೇಕರು ಚೆಂದದ ಫಾಂಟ್‌ನ ಮೂಲಕ ಅದಕ್ಕೆ ಬಲ ತುಂಬಲು ನೋಡುತ್ತಾರೆ. ಇದು ಫಲಿಸುವುದು ಅಪರೂಪ. ಯುರೋಪಿನ ಟ್ರೇಡ್‌ಮಾರ್ಕ್ ಕಚೇರಿಗಳು 2015ರಲ್ಲಿ ಒಪ್ಪಿಕೊಂಡ ಸಮಾನ ಪದ್ಧತಿಯ ಪ್ರಕಾರ, ವರ್ಣನಾತ್ಮಕ ಪದವನ್ನು ಸಾಮಾನ್ಯ ಅಕ್ಷರರೂಪದಲ್ಲಿ ಬರೆದರೆ, ಅದನ್ನು ದಪ್ಪ ಮಾಡಿದರೂ ಓರೆ ಮಾಡಿದರೂ ನೋಂದಣಿಗೆ ಬೇಕಾದ ವಿಶಿಷ್ಟತೆ ಬರುವುದಿಲ್ಲ. ಲೆಕ್ಕಪತ್ರದ ತಂತ್ರಾಂಶಕ್ಕೆ ‘ಮಿನುಗು’ ಎಂಬುದು ವರ್ಣನೆಯಲ್ಲ, ಆದ್ದರಿಂದ ನಮ್ಮ ಉದಾಹರಣೆಯಲ್ಲಿ ಈ ತೊಡಕಿಲ್ಲ. ಅದೇ ಹೆಸರನ್ನು ದೀಪಗಳಿಗೆ ಇಟ್ಟಿದ್ದರೆ ಪರೀಕ್ಷಕರು ಖಂಡಿತ ಪ್ರಶ್ನೆ ಎತ್ತುತ್ತಿದ್ದರು.

ಮೂರನೆಯ ಹೆಜ್ಜೆ: ಅಕ್ಷರಗಳನ್ನು ಆಕಾರಗಳಾಗಿಸಿ ತಿದ್ದುವುದು

ಲೋಗೊದ ಫೈಲ್‌ನಲ್ಲಿ ಹೆಸರು ಟೈಪ್ ಮಾಡಿದ ಪಠ್ಯವಾಗಿಯೇ ಉಳಿದಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬೇರೆ ಫಾಂಟ್ ಬಂದು ಕೂರುತ್ತದೆ. ಕನ್ನಡದಲ್ಲಿ ಗುಣಿತಾಕ್ಷರಗಳೂ ಒತ್ತಕ್ಷರಗಳೂ ಬಿಡಿಬಿಡಿಯಾಗಿ ಒಡೆದು ಕಾಣುವ ಅಪಾಯವೂ ಇದೆ. ಅದನ್ನು ತಪ್ಪಿಸಲು ಫಾಂಟನ್ನು ಫೈಲ್ ಜೊತೆ ಕಳುಹಿಸಿದರೆ ಅನೇಕ ಪರವಾನಗಿಗಳ ಪ್ರಕಾರ ಅದು ಅನಧಿಕೃತ ಹಂಚಿಕೆಯಾಗುತ್ತದೆ. ಆದ್ದರಿಂದ ಪಠ್ಯವನ್ನು ಆಕಾರಗಳಾಗಿ ಪರಿವರ್ತಿಸಬೇಕು. ಇಲಸ್ಟ್ರೇಟರ್‌ನಲ್ಲಿ ಇದಕ್ಕೆ `Create Outlines`, ಇಂಕ್‌ಸ್ಕೇಪ್‌ನಲ್ಲಿ `Object to Path` ಎಂಬ ಆಯ್ಕೆಗಳಿವೆ.

ಇಲ್ಲಿ ಕನ್ನಡಕ್ಕೆ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಫಾಂಟ್‌ನೊಳಗೆ ಮೂಲಾಕ್ಷರವೂ ಅದರ ಕೊಂಬೂ ಹಲವು ಬಾರಿ ಬೇರೆಬೇರೆ ಆಕಾರಗಳಾಗಿದ್ದು, ಒಂದರ ಮೇಲೊಂದು ತುಸು ಹಾಯ್ದಿರುತ್ತವೆ. ಪರದೆಯಲ್ಲಿ ಅದು ಕಾಣುವುದಿಲ್ಲ. ಆದರೆ ಅಂಟುಹಾಳೆ ಕತ್ತರಿಸುವ ಯಂತ್ರ ಪ್ರತಿಯೊಂದು ಅಂಚಿನ ಮೇಲೂ ಅಲಗು ಆಡಿಸುವುದರಿಂದ ‘ನು’ ಅಕ್ಷರದ ಕೊಂಬು ತುಂಡಾಗಿ ಹೊರಬರುತ್ತದೆ. ಆಕಾರಗಳಿಗೆ ಬಣ್ಣ ತೆಗೆದು ಬರೀ ಗೆರೆಯನ್ನು ಉಳಿಸಿ ನೋಡಿದರೆ ಹಾಯ್ದ ಜಾಗಗಳು ತಕ್ಷಣ ಕಾಣುತ್ತವೆ. ಅವುಗಳನ್ನು ಇಲಸ್ಟ್ರೇಟರ್‌ನಲ್ಲಿ `Unite`, ಇಂಕ್‌ಸ್ಕೇಪ್‌ನಲ್ಲಿ `Union` ಆಜ್ಞೆಯಿಂದ ಒಂದಾಗಿಸಬೇಕು.

ಈಗ ತಿದ್ದುವ ಕೆಲಸ. ‘ಮಿನುಗು’ ಪದದಲ್ಲಿ ಕೊಂಬು ಎರಡು ಬಾರಿ ಬರುತ್ತದೆ, ಫಾಂಟ್‌ನಲ್ಲಿ ಎರಡೂ ಒಂದೇ ಆಕಾರ. ಫಾಂಟ್ ರಚಿಸಿದವರು ಆ ಕೊಂಬು ಯಾವ ಅಕ್ಷರದ ಪಕ್ಕದಲ್ಲಿ ಬಂದರೂ ಹೊಂದುವಂತೆ ರೂಪಿಸಿರುತ್ತಾರೆ. ಲೋಗೊದಲ್ಲಿ ನಮಗೆ ಗೊತ್ತಿರುವುದು ಮೂರೇ ಅಕ್ಷರ, ಅವುಗಳ ಸ್ಥಾನವೂ ಬದಲಾಗುವುದಿಲ್ಲ. ಆದ್ದರಿಂದ ನಡುವಿನ ‘ನು’ವಿನ ಕೊಂಬನ್ನು ಮೋಟುಗೊಳಿಸಿ ‘ಗು’ ಅಕ್ಷರವನ್ನು ಹತ್ತಿರಕ್ಕೆ ತರಬಹುದು, ಕೊನೆಯ ಕೊಂಬನ್ನು ಉದ್ದವಾಗಿ ಎಳೆದು ಪದದ ಅಡಿಗೆ ಹಿಂದಕ್ಕೆ ಹಾಯಿಸಬಹುದು, ‘ಮಿ’ಯ ಗುಡಿಸು ಮತ್ತು ಉಳಿದೆರಡು ಅಕ್ಷರಗಳ ತಲೆಕಟ್ಟುಗಳು ಒಂದೇ ಎತ್ತರದಲ್ಲಿ ಓಡುವಂತೆ ಮಾಡಬಹುದು. ಹೀಗೆ ಮಾಡಿದಾಗ ಬೇರೆ ಯಾವ ಪದಕ್ಕೂ ಒಗ್ಗದ, ಈ ಪದಕ್ಕಷ್ಟೇ ಒಪ್ಪುವ ರೂಪ ಬರುತ್ತದೆ. 1994ರಲ್ಲಿ ಲಿಂಡನ್ ಲೀಡರ್ ಅವರು ಫೆಡ್‌ಎಕ್ಸ್ ಲೋಗೊವನ್ನು ರಚಿಸಿದಾಗ ಯೂನಿವರ್ಸ್ ಮತ್ತು ಫ್ಯೂಚುರಾ ಎಂಬ ಎರಡು ಪ್ರಸಿದ್ಧ ಅಕ್ಷರರೂಪಗಳಿಂದ ಹೊರಟು, ಎರಡರ ಗುಣಗಳನ್ನೂ ಬೆರೆಸಿ ಅಕ್ಷರಗಳನ್ನು ತಿದ್ದಿದ್ದರಿಂದಲೇ E ಮತ್ತು x ನಡುವಿನ ಖಾಲಿ ಜಾಗದಲ್ಲಿ ಬಾಣ ಮೂಡಿತು.

ಎಷ್ಟು ತಿದ್ದಿದರೆ ಸಾಕು ಎಂದು ಎಲ್ಲರೂ ಕೇಳುತ್ತಾರೆ. ಶೇ 30ರಷ್ಟು ಬದಲಿಸಿದರೆ ಹಕ್ಕು ನಮ್ಮದಾಗುತ್ತದೆ ಎಂಬ ಮಾತು ವಿನ್ಯಾಸಕರ ನಡುವೆ ಓಡಾಡುತ್ತದೆ. ಅಂಥ ನಿಯಮ ಯಾವುದೂ ಇಲ್ಲ. ಬದಲಾಗಿ ಹೀಗೆ ಪರೀಕ್ಷಿಸಬಹುದು: ಮೂಲ ಫಾಂಟ್‌ನಲ್ಲಿ ಬರೆದ ಹೆಸರನ್ನು ಬೇರೆ ಬಣ್ಣದಲ್ಲಿ ತಿದ್ದಿದ ಹೆಸರಿನ ಕೆಳಗಿಟ್ಟು ವ್ಯತ್ಯಾಸ ಎಲ್ಲೆಲ್ಲಿದೆ ಎಂದು ಗುರುತಿಸಿಕೊಳ್ಳಿ, ಆಮೇಲೆ ಎರಡನ್ನೂ ಮೊಬೈಲ್ ಪರದೆಯ ಪುಟ್ಟ ಚಿಹ್ನೆಯಷ್ಟು ಕುಗ್ಗಿಸಿ ಅಕ್ಕಪಕ್ಕ ಇಡಿ. ಆ ಗಾತ್ರದಲ್ಲಿ ಎರಡೂ ಒಂದೇ ಎಂದು ಕಂಡರೆ ತಿದ್ದುಪಡಿ ಗ್ರಾಹಕರ ಕಣ್ಣಿಗೆ ಇಲ್ಲದಂತೆಯೇ. ಒಂದು ತುದಿಯನ್ನು ದುಂಡಗೆ ಮಾಡಿ ‘ನಮ್ಮದೇ ಅಕ್ಷರ’ ಎಂದು ಹೇಳಿಕೊಂಡ ಲೋಗೊಗಳು ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಒಂದೇ ಅಕ್ಷರದ ಲೋಗೊ ಎಲ್ಲಕ್ಕಿಂತ ಕಷ್ಟದ ಸಂದರ್ಭ. ಅಲ್ಲಿ ಪದದ ಬಲ ಇಲ್ಲ, ಅಕ್ಷರಗಳ ಸಂಬಂಧವೂ ಇಲ್ಲ, ಆಕಾರವೊಂದೇ ಆಧಾರ. ಫಾಂಟ್‌ನಿಂದ ಎತ್ತಿದ ‘ಮ’ ಅಕ್ಷರವನ್ನು ಹಾಗೆಯೇ ನೋಂದಾಯಿಸುವ ಯೋಚನೆ ಇದ್ದರೆ ಅದನ್ನು ಬಿಟ್ಟು, ಅಕ್ಷರವನ್ನು ಕಾಗದದ ಮೇಲೆ ಮೊದಲಿನಿಂದ ಬರೆಸುವುದೇ ಸರಿ.

ನಾಲ್ಕನೆಯ ಹೆಜ್ಜೆ: ಹಕ್ಕಿನ ಪತ್ರ ಮತ್ತು ಅರ್ಜಿ

ಅಕ್ಷರಗಳನ್ನು ತಿದ್ದಿದವರು ಹೊರಗಿನ ವಿನ್ಯಾಸಕರಾಗಿದ್ದರೆ, ಹಣ ಕೊಟ್ಟ ಮಾತ್ರಕ್ಕೆ ಆ ಚಿತ್ರದ ಹಕ್ಕುಸ್ವಾಮ್ಯ ಸಂಸ್ಥೆಗೆ ಬರುತ್ತದೆ ಎಂದು ಭಾವಿಸಬಾರದು. ಹಕ್ಕನ್ನು ವರ್ಗಾಯಿಸುವ ಪತ್ರಕ್ಕೆ ಸಹಿ ಬೇಕು. ಅದರಲ್ಲಿ ಮೂಲ ಫಾಂಟ್‌ನ ಹೆಸರು, ಅದರ ಪರವಾನಗಿ, ಅದನ್ನು ಯಾರ ಹೆಸರಿನಲ್ಲಿ ಪಡೆದದ್ದು ಎಂಬುದು ಇರಬೇಕು. ವಿನ್ಯಾಸಕರ ಬಳಿ ಇರುವ ಪರವಾನಗಿಯಿಂದ ಲೋಗೊ ಮಾಡಬಹುದಾದರೂ, ಸಂಸ್ಥೆ ಅದೇ ಫಾಂಟ್‌ನಲ್ಲಿ ತನ್ನ ಕರಪತ್ರಗಳನ್ನೂ ಜಾಲತಾಣವನ್ನೂ ಸಿದ್ಧಪಡಿಸುವುದಾದರೆ ಸಾಮಾನ್ಯವಾಗಿ ತನ್ನದೇ ಪರವಾನಗಿ ಪಡೆಯಬೇಕಾಗುತ್ತದೆ.

ಅರ್ಜಿ ಸಲ್ಲಿಸುವುದು ಇದೆಲ್ಲ ಮುಗಿದ ಮೇಲೆ, ರೂಪ ಅಂತಿಮವಾದ ಮೇಲೆ. ನೋಂದಾಯಿತ ಚಿಹ್ನೆಯನ್ನು ಅದರ ವಿಶಿಷ್ಟ ಲಕ್ಷಣ ಕೆಡದಷ್ಟು ಮಟ್ಟಿಗೆ ಬದಲಿಸಿ ಬಳಸಿದರೆ ನೋಂದಣಿ ಅಸಿಂಧುವಾಗುವುದಿಲ್ಲ ಎಂದು ಕೈಗಾರಿಕಾ ಆಸ್ತಿಯ ಹಕ್ಕುಗಳ ಕುರಿತ ಅಂತರರಾಷ್ಟ್ರೀಯ ಪ್ಯಾರಿಸ್ ಒಪ್ಪಂದದ 5ನೆಯ ವಿಧಿ ಹೇಳುತ್ತದೆ. ಕೊಂಬಿನ ಬಾಗನ್ನು ತುಸು ತಿದ್ದುವುದು ಇದರೊಳಗೆ ಬಂದೀತು. ಆದರೆ ಪರವಾನಗಿಯ ತಕರಾರು ಬಂದು ಅಕ್ಷರಗಳನ್ನೇ ಪೂರ್ತಿ ಬದಲಿಸಬೇಕಾದರೆ ಚಿತ್ರರೂಪಕ್ಕೆ ಹೊಸ ಅರ್ಜಿಯೇ ಬೇಕಾಗುತ್ತದೆ. ಹೊಸ ಅರ್ಜಿಯ ಹಕ್ಕು ಹೊಸ ದಿನಾಂಕದಿಂದ ಲೆಕ್ಕಕ್ಕೆ ಬರುವುದರಿಂದ, ಹಳೆಯ ಮತ್ತು ಹೊಸ ಅರ್ಜಿಗಳ ನಡುವಿನ ಅವಧಿಯಲ್ಲಿ ಅಂಥದ್ದೇ ಚಿಹ್ನೆಗೆ ಅರ್ಜಿ ಹಾಕಿದವರು ಸರದಿಯಲ್ಲಿ ಮುಂದಿರುತ್ತಾರೆ.